ಅಂಗಡಿ ತುಂಬಿದ್ದಾಗಲೇ ಚಿನ್ನ ಬಿದ್ದದ್ದು ಹೇಗೆ?

ಪ್ರಶ್ನೆ: 2012ರ ದೀಪಾವಳಿಗೆ 40 ಗ್ರಾಂ ಚಿನ್ನದ ಬಿಸ್ಕತ್ತು ತಗೊಂಡಿದ್ದೆವು. ಐದೇ ತಿಂಗಳಲ್ಲಿ ಬೆಲೆ ದಬದಬ ಬಿತ್ತು. ಸೈಪ್ರಸ್ ದೇಶ ಚಿನ್ನ ಮಾರಿತು ಅಂತ ಒಬ್ಬರು, ಅಮೆರಿಕದ ಬ್ಯಾಂಕುಗಳ ಕೈವಾಡ ಅಂತ ಇನ್ನೊಬ್ಬರು. ಆದರೆ ಚಿನ್ನದಂಗಡಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ! ಎಲ್ಲರೂ ಕೊಳ್ಳುತ್ತಿದ್ದರೆ ಬೆಲೆ ಇಳಿಯುವುದು ಹೇಗೆ? ಈಗ ಬೆಲೆ ಮತ್ತೆ ಏರಿದೆ. ಚಿನ್ನ ಅಡವಿಟ್ಟು ತೋಟಕ್ಕೆ ಸಾಲ ತೆಗೆಯೋಣ ಅಂತಿದ್ದಾರೆ ಮನೆಯವರು. ಮತ್ತೆ ಹಾಗೇ ಬಿದ್ದರೆ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: 2013ರ ಆ ಏಪ್ರಿಲ್‌ನಲ್ಲಿ ನಾನು ಚಿಕ್ಕಮಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಒಡವೆ ಸಾಲ ನೋಡಿಕೊಳ್ಳುತ್ತಿದ್ದೆ. ಅಂಗಡಿಗಳಲ್ಲಿ ಜನ ಅಗ್ಗಕ್ಕೆ ಸಿಕ್ಕಿತೆಂದು ಮುಗಿಬಿದ್ದಿದ್ದ ಅದೇ ವಾರ, ಒಡವೆ ಅಡವಿಟ್ಟವರು ನನ್ನ ಮೇಜಿನೆದುರು ಬಂದು ಕೂರುತ್ತಿದ್ದರು. ಅಂಗಡಿಯ ನೂಕುನುಗ್ಗಲಿಗೂ ಬೆಲೆಗೂ ಸಂಬಂಧವೇ ಇಲ್ಲವೇನೋ ಎಂದು ನನಗೂ ಆಗ ಅನ್ನಿಸಿತ್ತು. ಸಂಬಂಧ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ಕಾಫಿ ಇಟ್ಟುಕೊಂಡೇ ಹೇಳುವುದು ಸುಲಭ. ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟರೆ ಇಲ್ಲಿ ನಿಮ್ಮ ಪಾರ್ಚ್‌ಮೆಂಟ್ ಬೆಲೆ ಏರುತ್ತದೆ. ಕಾಫಿ ಕುಡಿದರೆ ಮುಗಿಯಿತು, ಆದ್ದರಿಂದ ಹೊಸ ಫಸಲು ಎಷ್ಟು ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬುದರ ಮೇಲೆ ಬೆಲೆ ನಿಂತಿದೆ. ಚಿನ್ನ ಹಾಗೆ ಮುಗಿಯುವುದಿಲ್ಲ. ನೂರು ವರ್ಷದ ಹಿಂದೆ ಕೋಲಾರದ ಗಣಿಯಿಂದ ಬಂದದ್ದು ಕರಗಿ, ಮತ್ತೆ ಎರಕವಾಗಿ, ಇವತ್ತಿಗೂ ಯಾರದೋ ಕೊರಳಲ್ಲಿ, ಯಾವುದೋ ತಿಜೋರಿಯಲ್ಲಿ ಇದೆ. 2013ರ ಹೊತ್ತಿಗೆ ಜಗತ್ತಿನ ಗಣಿಗಳಿಂದ ವರ್ಷಕ್ಕೆ ಹೊಸದಾಗಿ ಬರುತ್ತಿದ್ದುದು 3,000 ಟನ್ ಆಸುಪಾಸು. ಅದುವರೆಗೆ ಮನುಷ್ಯರು ಅಗೆದು ಇಟ್ಟುಕೊಂಡದ್ದು ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು. ಹೀಗಾಗಿ ಈ ವರ್ಷ ಎಷ್ಟು ಬೆಳೆಯಿತು ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ಈಗಾಗಲೇ ಇಟ್ಟುಕೊಂಡವರು ಇನ್ನೂ ಇಟ್ಟುಕೊಳ್ಳುತ್ತಾರೋ, ಬಿಟ್ಟುಕೊಡುತ್ತಾರೋ ಎಂಬುದೇ ಬೆಲೆಯನ್ನು ಕಟ್ಟುತ್ತದೆ.

ಹಾಗಾದರೆ 2012ರ ಕೊನೆಗೆ ಇಟ್ಟುಕೊಂಡಿದ್ದವರು ಯಾರು? ನಮ್ಮ ಅಜ್ಜಿಯಂದಿರು ಇದ್ದೇ ಇದ್ದರು, ಅವರು ಯಾವ ಬೆಲೆಗೂ ಕದಲುವವರಲ್ಲ. ಆದರೆ 2004ರ ಕೊನೆಗೆ ಅಮೆರಿಕದಲ್ಲಿ ಒಂದು ದೊಡ್ಡ ಚಿನ್ನದ ಇ.ಟಿ.ಎಫ್. ಶುರುವಾಯಿತು. ಷೇರಿನ ಹಾಗೆ ಚಿನ್ನದ ಚೂರನ್ನು ಕಂಪ್ಯೂಟರಿನಲ್ಲೇ ಕೊಳ್ಳಬಹುದು. ಮಾರಾಟವಾದ ಚೂರುಗಳಷ್ಟು ನಿಜವಾದ ಗಟ್ಟಿ ಲಂಡನ್ನಿನ ಭದ್ರ ಕೋಣೆಯಲ್ಲಿ ಇರುತ್ತದೆ. ಪಿಂಚಣಿ ನಿಧಿಗಳು, ದೊಡ್ಡ ಹೂಡಿಕೆದಾರರು ಇದರೊಳಗೆ ನುಗ್ಗಿದರು. 2012ರ ಡಿಸೆಂಬರ್ ಹೊತ್ತಿಗೆ ಆ ಒಂದೇ ನಿಧಿಯ ಬಳಿ 1,350 ಟನ್‌ನಷ್ಟು ಚಿನ್ನ ಇತ್ತು. ಈ ಕೊಳ್ಳುವವರಿಗೆ ಚಿನ್ನದ ಮೇಲೆ ಪ್ರೀತಿ ಏನಿಲ್ಲ, ಮಗಳ ಮದುವೆಯೂ ಇಲ್ಲ. ಒಂದು ಗುಂಡಿ ಒತ್ತಿ ಕೊಂಡವರು, ಇನ್ನೊಂದು ಗುಂಡಿ ಒತ್ತಿ ಮಾರುವವರು.

ಅವರು ಕೊಂಡದ್ದಕ್ಕೆ ಕಾರಣ ಬಡ್ಡಿ. ಚಿನ್ನ ಮರಿ ಹಾಕುವುದಿಲ್ಲ, ಬಡ್ಡಿ ಕೊಡುವುದಿಲ್ಲ. ಠೇವಣಿಗೆ ಬರುವ ಬಡ್ಡಿಯಲ್ಲಿ ಬೆಲೆಯೇರಿಕೆಯನ್ನು ಕಳೆದರೆ ಉಳಿಯುವುದು ನಿಜವಾದ ಬಡ್ಡಿ. ಅದು ಸೊನ್ನೆಗಿಂತ ಕೆಳಗಿದ್ದರೆ, ಬ್ಯಾಂಕಿನಲ್ಲಿಟ್ಟ ದುಡ್ಡು ಮೌನವಾಗಿ ಸವೆಯುತ್ತದೆ. ಆಗ ಚಿನ್ನ ಏನೂ ಕೊಡದೆ ಸುಮ್ಮನೆ ಇದ್ದರೂ ಲಾಭವೇ. 2008ರ ಬ್ಯಾಂಕ್ ಬಿಕ್ಕಟ್ಟಿನ ನಂತರ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರ ಇಳಿಸಿತು, ಹೊಸ ಹಣ ಸೃಷ್ಟಿಸಿ ಸಾಲಪತ್ರಗಳನ್ನು ಕೊಂಡಿತು. 2001ರಲ್ಲಿ ಔನ್ಸಿಗೆ 260 ಡಾಲರ್ ಆಸುಪಾಸಿದ್ದ ಚಿನ್ನ, ಯೂರೋಪಿನ ಸಾಲದ ಗಲಾಟೆಯೂ ಸೇರಿಕೊಂಡು, 2011ರ ಸೆಪ್ಟೆಂಬರ್ ಮೊದಲ ವಾರದಲ್ಲಿ 1,900 ಡಾಲರ್ ಮುಟ್ಟಿತು.

ಅಲ್ಲಿಗೆ ನಿಂತಿತು ಕೂಡ. ಬಹಳ ಜನ ಇದನ್ನು ಮರೆಯುತ್ತಾರೆ. ಕುಸಿತ ನಡೆದದ್ದು 2013ರಲ್ಲಿ, ಶಿಖರ ಮುಟ್ಟಿದ್ದು ಅದಕ್ಕೆ ಒಂದೂವರೆ ವರ್ಷ ಮೊದಲು. ಅಲ್ಲಿಯವರೆಗೆ ಬೆಲೆ ಹೆಚ್ಚುಕಮ್ಮಿ 1,520ರಿಂದ 1,800ರ ನಡುವೆ ಓಡಾಡಿಕೊಂಡಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ರಿಸರ್ವ್ ಮೂರನೇ ಬಾರಿ ಹಣ ಸುರಿಯಲು ಶುರು ಮಾಡಿ, ಡಿಸೆಂಬರ್‌ನಲ್ಲಿ ಅದನ್ನು ತಿಂಗಳಿಗೆ 8,500 ಕೋಟಿ ಡಾಲರ್‌ಗೆ ಏರಿಸಿತು. ಹಣ ಸುರಿದಷ್ಟೂ ಚಿನ್ನ ಏರುತ್ತದೆ ಎಂದು ನಂಬಿದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಆದರೂ ಚಿನ್ನ ಮೇಲೇಳಲಿಲ್ಲ. ಬರುತ್ತದೆ ಎಂದು ಎಲ್ಲರೂ ಕಾದಿದ್ದ ಬೆಲೆಯೇರಿಕೆ ಅಮೆರಿಕಕ್ಕೆ ಬರಲೇ ಇಲ್ಲ, ಷೇರುಪೇಟೆ ಚೇತರಿಸಿಕೊಳ್ಳುತ್ತಿತ್ತು. ಒಳ್ಳೆಯ ಸುದ್ದಿಗೂ ಏರದ ಸರಕು ಒಳಗೊಳಗೇ ಸೊರಗಿದೆ ಎಂದೇ ಅರ್ಥ. ಕಾಫಿ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೈಪ್ರಸ್ ಕಥೆ. ಅದು ಪೂರ್ತಿ ಸುಳ್ಳೇನಲ್ಲ. 2013ರ ಏಪ್ರಿಲ್ 10ರ ಸುಮಾರಿಗೆ, ಸಾಲದಲ್ಲಿ ಮುಳುಗಿದ್ದ ಆ ಪುಟ್ಟ ದೇಶ 40 ಕೋಟಿ ಯೂರೋ ಬೆಲೆಯ ಚಿನ್ನ ಮಾರಬೇಕಾದೀತು ಎಂಬ ಸುದ್ದಿ ಹೊರಬಿತ್ತು. ಆಗಿನ ಬೆಲೆಯಲ್ಲಿ ಅದು ಹತ್ತು ಟನ್ ಚಿಲ್ಲರೆ. ಜಗತ್ತಿನ ಲೆಕ್ಕದಲ್ಲಿ ಅದು ಯಾವ ಮೂಲೆಗೂ ಸಾಲದು, ಕೊನೆಗೆ ಆ ಮಾರಾಟ ನಡೆಯಲೂ ಇಲ್ಲ. ಹೆದರಿಸಿದ್ದು ಆ ಹತ್ತು ಟನ್ ಅಲ್ಲ, ಇವತ್ತು ಸೈಪ್ರಸ್ ಮಾರಿದರೆ ನಾಳೆ ಸಾವಿರಾರು ಟನ್ ಇಟ್ಟುಕೊಂಡ ಇಟಲಿಯೂ ಮಾರೀತು ಎಂಬ ಊಹೆ. ಸೊರಗಿದ ಪೇಟೆಗೆ ಅಷ್ಟು ಸಾಕಾಯಿತು.

ಏಪ್ರಿಲ್ 12, ಶುಕ್ರವಾರ. ಸುಮಾರು 1,560 ಡಾಲರ್ ಇದ್ದದ್ದು ಸಂಜೆಗೆ 1,500ರ ಅಂಚಿಗೆ ಬಂದಿತ್ತು. ದಾರಿಯಲ್ಲಿ 1,520ರ ಆಸುಪಾಸಿನ ಮಟ್ಟ ಮುರಿದಿತ್ತು. ಒಂದೂವರೆ ವರ್ಷ ಅದಕ್ಕಿಂತ ಕೆಳಗೆ ಬೆಲೆ ನಿಂತಿರಲಿಲ್ಲವಾದ್ದರಿಂದ, ‘ಇದರ ಕೆಳಗೆ ಹೋದರೆ ನನ್ನದನ್ನು ತಾನಾಗಿ ಮಾರಿಬಿಡು’ ಎಂಬ ಆದೇಶಗಳು ಅಲ್ಲೇ ಗುಡ್ಡೆ ಬಿದ್ದಿದ್ದವು. ಸೋಮವಾರ, 15ರಂದು, ಚೀನಾದ ಆರ್ಥಿಕ ಬೆಳವಣಿಗೆ ನಿರೀಕ್ಷೆಗಿಂತ ಕಡಿಮೆ ಎಂಬ ಸುದ್ದಿಯೊಂದಿಗೆ ದಿನ ಶುರುವಾಯಿತು. ಮುಂದೆ ಕೊಡಬೇಕಾದ ಸರಕಿಗೆ ಇವತ್ತೇ ಬೆಲೆ ಕುದುರಿಸುವ ನ್ಯೂಯಾರ್ಕ್ ವಾಯಿದಾ ಪೇಟೆಯಲ್ಲಿ ಆ ದಿನದ ಕೊನೆಗೆ ಬೆಲೆ 1,361 ಡಾಲರ್. ಒಂದೇ ದಿನದಲ್ಲಿ 140 ಡಾಲರ್, ನೂರಕ್ಕೆ ಒಂಬತ್ತು ಇಳಿಕೆ. ಮೂವತ್ತು ವರ್ಷಗಳಲ್ಲಿ ಅಂಥ ದಿನ ಬಂದಿರಲಿಲ್ಲ.

ಒಂದು ದಿನದಲ್ಲಿ ಇಷ್ಟು ಬೀಳಲು ಕಾರಣ ವಾಯಿದಾ ವ್ಯವಹಾರದ ಒಳಗೇ ಇದೆ. ಅಲ್ಲಿನ ಒಂದು ಒಪ್ಪಂದ ಎಂದರೆ 100 ಔನ್ಸ್, ಬೆಲೆ 1,500 ಇದ್ದಾಗ ಒಂದೂವರೆ ಲಕ್ಷ ಡಾಲರ್ ಸರಕು. ಆದರೆ ಅದನ್ನು ಹಿಡಿಯಲು ಆಗ ಕಟ್ಟಬೇಕಿದ್ದ ಮುಂಗಡ, ಅಂದರೆ ಮಾರ್ಜಿನ್, ಸುಮಾರು 6,000 ಡಾಲರ್ ಮಾತ್ರ. ಔನ್ಸಿಗೆ 140 ಡಾಲರ್ ಬಿದ್ದರೆ ಒಪ್ಪಂದಕ್ಕೆ 14,000 ಡಾಲರ್ ನಷ್ಟ, ಅಂದರೆ ಕಟ್ಟಿದ್ದರ ಎರಡು ಪಟ್ಟಿಗೂ ಹೆಚ್ಚು. ಸಂಜೆಯೊಳಗೆ ಬಾಕಿ ತುಂಬಲಾಗದವನ ಸರಕನ್ನು ದಲ್ಲಾಳಿಯೇ ಸಿಕ್ಕ ಬೆಲೆಗೆ ಮಾರುತ್ತಾನೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿದು, ಪಕ್ಕದವನ ಮಾರ್ಜಿನ್ನೂ ಕರಗುತ್ತದೆ. ಸಾಲದೆಂಬಂತೆ ಅದೇ ಸೋಮವಾರ ವಾಯಿದಾ ಪೇಟೆ ಮಾರ್ಜಿನ್ನನ್ನೇ ಹೆಚ್ಚಿಸುವುದಾಗಿ ಪ್ರಕಟಿಸಿತು. ಬೇಡವೆಂದು ಮಾರಿದವರಿಗಿಂತ ಬೇರೆ ದಾರಿಯಿಲ್ಲದೆ ಮಾರಿದವರು ಅವತ್ತು ಹೆಚ್ಚಿದ್ದರು ಎಂದೇ ನನ್ನ ನಂಬಿಕೆ.

ಕೈವಾಡದ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಶುಕ್ರವಾರ ಭಾರೀ ಗಾತ್ರದ ಮಾರಾಟ ನಡೆದದ್ದು ನಿಜ, ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕೊಂದು ಎರಡು ದಿನ ಮೊದಲಷ್ಟೇ ‘ಚಿನ್ನ ಮಾರಿ’ ಎಂದು ಗಿರಾಕಿಗಳಿಗೆ ಸಲಹೆ ಕೊಟ್ಟಿದ್ದೂ ನಿಜ. ಅಂಥವರು ಒಂದು ದಿನದ ಬೆಲೆಯನ್ನು ಜೋರಾಗಿ ತಳ್ಳಬಲ್ಲರು. ಆದರೆ ಬೆಲೆ ಮತ್ತೆ ಪುಟಿದೇಳದೆ 2015ರ ಡಿಸೆಂಬರ್‌ವರೆಗೂ ಜಾರುತ್ತಲೇ ಹೋಗಿ 1,050 ಡಾಲರ್‌ಗೆ ಬಂತಲ್ಲ, ಎರಡೂವರೆ ವರ್ಷ ಕೈಯಲ್ಲಿ ಒತ್ತಿ ಹಿಡಿಯುವಷ್ಟು ಬಲ ಯಾವ ಬ್ಯಾಂಕಿಗೂ ಇಲ್ಲ.

ಆ ಉದ್ದನೆಯ ಜಾರಿಕೆಗೆ ಕಾರಣ ಮತ್ತದೇ ಬಡ್ಡಿ. 2013ರ ಮೇ 22ರಂದು ಫೆಡರಲ್ ರಿಸರ್ವ್‌ನ ಆಗಿನ ಅಧ್ಯಕ್ಷ ಬೆನ್ ಬರ್ನಾಂಕೆ ಅಮೆರಿಕದ ಸಂಸತ್ತಿನ ಮುಂದೆ, ಹಣ ಸುರಿಯುವುದನ್ನು ಮುಂದಿನ ಕೆಲವು ಸಭೆಗಳಲ್ಲಿ ಕಡಿಮೆ ಮಾಡಬಹುದು ಎಂದರು. ಜೂನ್ 19ರಂದು ಅದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ನಿಲ್ಲಿಸಿರಲಿಲ್ಲ, ಕಡಿಮೆ ಕೂಡ ಮಾಡಿರಲಿಲ್ಲ, ಬರೀ ಮಾತು. ಮೇ ಆರಂಭದಲ್ಲಿ ನೂರಕ್ಕೆ 1.6ರ ಹತ್ತಿರವಿದ್ದ ಅಮೆರಿಕದ ಹತ್ತು ವರ್ಷದ ಸಾಲಪತ್ರದ ಬಡ್ಡಿ ಸೆಪ್ಟೆಂಬರ್‌ಗೆ 3ರ ಸಮೀಪ ಹೋಯಿತು. ಬೆಲೆಯೇರಿಕೆ ಕಳೆದ ನಿಜವಾದ ಬಡ್ಡಿ ಸೊನ್ನೆಯ ಕೆಳಗಿಂದ ಮೇಲಕ್ಕೆ ದಾಟಿತು. ಏನೂ ಕೊಡದ ಚಿನ್ನವನ್ನು ಇಟ್ಟುಕೊಳ್ಳುವುದಕ್ಕೆ ಈಗ ಬೆಲೆ ತೆರಬೇಕಾಯಿತು. ಗುಂಡಿ ಒತ್ತಿ ಕೊಂಡಿದ್ದವರು ಗುಂಡಿ ಒತ್ತಿ ಮಾರಿದರು. ಜೂನ್ 28ರಂದು ಬೆಲೆ 1,200 ಡಾಲರ್‌ಗಿಂತ ಕೆಳಗೆ. ಆ ಒಂದೇ ವರ್ಷ ಜಗತ್ತಿನ ಇ.ಟಿ.ಎಫ್.ಗಳಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಿತ್ತು. ಸೈಪ್ರಸ್ಸಿನ ಹತ್ತು ಟನ್ನನ್ನು ಇದರ ಪಕ್ಕ ಇಟ್ಟು ನೋಡಿ.

ಆ ಚಿನ್ನ ಎಲ್ಲಿ ಹೋಯಿತು? ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಲಂಡನ್ನಿನ ಭದ್ರ ಕೋಣೆಗಳಲ್ಲಿದ್ದ ಹನ್ನೆರಡೂವರೆ ಕಿಲೋ ತೂಕದ ಗಟ್ಟಿಗಳು ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿನ ಕುಲುಮೆಗಳಲ್ಲಿ ಕರಗಿ, ಒಂದೊಂದು ಕಿಲೋ ಬಿಸ್ಕತ್ತಾಗಿ, ಹೆಚ್ಚಿನ ಪಾಲು ಹಾಂಗ್‌ಕಾಂಗ್ ಮೂಲಕ ಚೀನಾಕ್ಕೆ ಸಾಗಿದವು. ಚೀನಾದ ಗೃಹಿಣಿಯರು, ನಮ್ಮವರು ಸಾಲುಗಟ್ಟಿ ಕೊಂಡರು. ಬೆಲೆ ಇಳಿದದ್ದಕ್ಕೇ ನಿಮ್ಮ ಅಂಗಡಿ ತುಂಬಿತ್ತು. ಅಂಗಡಿ ತುಂಬಿದ್ದರಿಂದ ಬೆಲೆ ಏರಬೇಕಿತ್ತು ಎಂದು ಭಾವಿಸಿದರೆ ಹಿಂದುಮುಂದು ಆಗುತ್ತದೆ. ಪಶ್ಚಿಮದಲ್ಲಿ ಬಿಟ್ಟುಕೊಟ್ಟವರ ಚಿನ್ನವನ್ನು ಪೂರ್ವದಲ್ಲಿ ಅಗ್ಗದ ಬೆಲೆಗೆ ಹೊರಲು ಭುಜಗಳು ಸಿಕ್ಕವು, ಅಷ್ಟೆ. ಆ ಭುಜಗಳೂ ಇಲ್ಲದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು.

ಇಷ್ಟೂ ಡಾಲರ್ ಕಥೆ. ನಿಮ್ಮ 40 ಗ್ರಾಂ ಬಿಸ್ಕತ್ತಿನ ಕಥೆ ಸ್ವಲ್ಪ ಬೇರೆ. ನಮ್ಮೂರಿನ ಚಿನ್ನದ ಬೆಲೆಯಲ್ಲಿ ಮೂರು ಬೆಲೆಗಳು ಸೇರಿವೆ: ಔನ್ಸಿನ ಡಾಲರ್ ಬೆಲೆ, ಡಾಲರಿಗೆ ಎಷ್ಟು ರೂಪಾಯಿ ಎಂಬುದು, ಮತ್ತು ಆಮದು ಸುಂಕ. ಡಾಲರ್ ಬೆಲೆಯನ್ನು ರೂಪಾಯಿ ದರದಿಂದ ಗುಣಿಸಿ, ಔನ್ಸಿನಲ್ಲಿರುವ 31.1 ಗ್ರಾಮಿನಿಂದ ಭಾಗಿಸಿ, ಸುಂಕ ಸೇರಿಸಿದರೆ ಒಂದು ಗ್ರಾಮಿನ ಅಂದಾಜು ಬೆಲೆ ಸಿಗುತ್ತದೆ. ನಾನು ಆಗ ಪ್ರತಿ ಬೆಳಿಗ್ಗೆ ಬಳಪದಷ್ಟು ಸುಲಭವಾಗಿ ಬಳಸುತ್ತಿದ್ದ ಲೆಕ್ಕ ಇದು.

ನೀವು ಕೊಂಡ 2012ರ ನವೆಂಬರ್‌ನಲ್ಲಿ ಔನ್ಸಿಗೆ 1,730 ಡಾಲರ್, ಡಾಲರಿಗೆ ಐವತ್ತನಾಲ್ಕೂವರೆ ರೂಪಾಯಿ, ಸುಂಕ ನೂರಕ್ಕೆ 4. ಗ್ರಾಮಿಗೆ 3,150 ರೂಪಾಯಿಯಂತೆ ನಿಮ್ಮ ಬಿಸ್ಕತ್ತು 1,26,000 ಚಿಲ್ಲರೆ. ಜೂನ್ ಕೊನೆಗೆ 1,200 ಡಾಲರ್, 59.50 ರೂಪಾಯಿ, ಸುಂಕ 8. ಗ್ರಾಮಿಗೆ 2,480, ಬಿಸ್ಕತ್ತು 99,000 ಆಸುಪಾಸು. ಡಾಲರಿನಲ್ಲಿ ನೂರಕ್ಕೆ ಮೂವತ್ತು ಬಿದ್ದ ಚಿನ್ನ ನಿಮ್ಮ ಕೈಯಲ್ಲಿ ಇಪ್ಪತ್ತೊಂದೇ ಬಿದ್ದಿತ್ತು. ನಂತರ ನಡೆದದ್ದು ಇನ್ನೂ ವಿಚಿತ್ರ. ಬರ್ನಾಂಕೆ ಮಾತಿಗೆ ನಮ್ಮ ರೂಪಾಯಿಯೂ ಕುಸಿದು, ಆಗಸ್ಟ್ 28ರಂದು ಡಾಲರಿಗೆ 68 ದಾಟಿತು. ವಿದೇಶಿ ವಿನಿಮಯ ಸೋರಿಹೋಗದಿರಲೆಂದು ಸರ್ಕಾರ ಅದೇ ತಿಂಗಳು ಸುಂಕವನ್ನು ನೂರಕ್ಕೆ 10 ಮಾಡಿತ್ತು. ಡಾಲರ್ ಬೆಲೆ 1,420ರ ಹತ್ತಿರ. ಲೆಕ್ಕ ಹಾಕಿ, ಗ್ರಾಮಿಗೆ 3,400ಕ್ಕೂ ಮೇಲೆ ಬರುತ್ತದೆ. ಜಗತ್ತಿನಲ್ಲಿ ಚಿನ್ನ ಮಣ್ಣು ಮುಕ್ಕಿದ್ದ ವರ್ಷವೇ ನಿಮ್ಮ ಬಿಸ್ಕತ್ತು ಕೊಂಡ ಬೆಲೆಗಿಂತ ಮೇಲೆ ಹೋಗಿತ್ತು. ಆಮೇಲೆ 2015ರ ಡಿಸೆಂಬರ್‌ಗೆ ಮತ್ತೆ 2,490ಕ್ಕೆ ಇಳಿಯಿತು ಎಂಬುದನ್ನೂ ಹೇಳಬೇಕು. ಮೂರು ವರ್ಷ ಕಾದವರು, ಬಡ್ಡಿಯ ನಷ್ಟ ಬಿಟ್ಟು, ನೂರಕ್ಕೆ ಇಪ್ಪತ್ತು ಕಳೆದುಕೊಂಡಿದ್ದರು.

ಈಗ ಅಡವಿನ ವಿಷಯ. ನಿಮಗೆ ನಿಜವಾಗಿ ತಟ್ಟುವುದು ಇದು.

ಆಲ್ದೂರು ಕಡೆಯ ಒಬ್ಬ ಬೆಳೆಗಾರರು 2012ರ ನವೆಂಬರ್ ಕೊನೆಗೆ, ಅರೇಬಿಕಾ ಕೊಯ್ಲಿನ ಕೂಲಿ ಬಟವಾಡೆಗೆಂದು ಮನೆಯ ಒಡವೆ ತಂದರು. ಕಲ್ಲು, ಅರಗು ಕಳೆದು ನಿವ್ವಳ 100 ಗ್ರಾಂ, ಒರೆಗಲ್ಲಿಗೆ ಉಜ್ಜಿ ನೋಡಿ 22 ಕ್ಯಾರೆಟ್ ಎಂದು ನಮ್ಮ ಪರೀಕ್ಷಕರು ಬರೆದುಕೊಟ್ಟರು. ಗ್ರಾಮಿಗೆ 2,850 ಹಿಡಿದು ಬೆಲೆ 2,85,000. ಸಾಲ 2,10,000, ಅಂದರೆ ನೂರಕ್ಕೆ 74ರಷ್ಟು. ಬಡ್ಡಿ ವರ್ಷಕ್ಕೆ ಶೇಕಡಾ 12. ಕಾಫಿ ಮಾರಿ ಮಾರ್ಚ್‌ನಲ್ಲಿ ಬಿಡಿಸಿಕೊಳ್ಳುವುದು ಅವರ ಎಣಿಕೆ. ಆದರೆ 2011ರಲ್ಲಿ ಶಿಖರ ಮುಟ್ಟಿದ್ದ ಅರೇಬಿಕಾ ಬೆಲೆಯೂ ಆಗ ಇಳಿಯುತ್ತಲೇ ಇತ್ತು. ಇನ್ನು ಸ್ವಲ್ಪ ಏರಲಿ ಎಂದು ಅವರು ಮೂಟೆ ಕಟ್ಟಿ ಇಟ್ಟರು. ಜೂನ್ ಕೊನೆಗೆ ಬಡ್ಡಿ ಸೇರಿ ಬಾಕಿ 2,24,700. ಅದೇ ದಿನ ಒಡವೆಯ ಬೆಲೆ, 22 ಕ್ಯಾರೆಟ್‌ಗೆ 2,270ರಂತೆ, 2,27,000. ನಡುವೆ ಉಳಿದದ್ದು ಎರಡು ಸಾವಿರ ಚಿಲ್ಲರೆ. ‘ಹೆಚ್ಚುವರಿ ಒಡವೆ ತನ್ನಿ, ಇಲ್ಲವೇ ಅಸಲಿನ ಭಾಗ ಕಟ್ಟಿ’ ಎಂಬ ನೋಟಿಸಿಗೆ ನಾನೇ ಸಹಿ ಹಾಕಿದ್ದೆ.

ಅವರು ಮಳೆಯಲ್ಲಿ ನೆನೆದುಕೊಂಡೇ ಬಂದರು. “ನಾನು ಸಾಲ ಹೆಚ್ಚು ಮಾಡ್ಕೊಂಡಿಲ್ಲ, ಒಡವೆನೂ ಕಮ್ಮಿ ಆಗಿಲ್ಲ, ನೋಟಿಸ್ ಯಾಕೆ ಸಾರ್?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನ್ಯೂಯಾರ್ಕಿನಲ್ಲಿ ಮಾರ್ಜಿನ್ ತುಂಬಲಾಗದವನಿಗೆ ಬಂದ ಕರೆಯೂ ಈ ನೋಟಿಸೂ ಒಂದೇ ಜಾತಿ ಎಂದು ಅವರಿಗೆ ಹೇಗೆ ಹೇಳುವುದು? ಅದೃಷ್ಟಕ್ಕೆ ಆ ವರ್ಷ ಕಾಳುಮೆಣಸಿಗೆ ಒಳ್ಳೆಯ ಬೆಲೆ ಇತ್ತು. ಮೆಣಸು ಮಾರಿ 40,000 ಕಟ್ಟಿ ಒಡವೆ ಉಳಿಸಿಕೊಂಡರು. ಎರಡೇ ತಿಂಗಳಿಗೆ, ಆಗಸ್ಟ್ ಕೊನೆಗೆ, ಅದೇ ಒಡವೆ 3,10,000 ದಾಟಿತ್ತು. ಜೂನ್, ಜುಲೈನಲ್ಲಿ ಹರಾಜಾದವರ ಒಡವೆಗೆ ಆ ಏರಿಕೆ ದಕ್ಕಲಿಲ್ಲ.

ಹಾಗಾದರೆ ನೀವು? 2013ರ ಕುಸಿತ ಹಾಗೇ ಮರುಕಳಿಸುತ್ತದೆ ಎಂದು ನಾನು ಹೇಳಲಾರೆ. ನಿಜವಾದ ಬಡ್ಡಿ ಏರಿದರೆ ಚಿನ್ನ ಬೀಳುತ್ತದೆ ಎಂಬ ಆ ಕಾಲದ ಸೂತ್ರ 2022ರ ನಂತರ ಸಡಿಲವಾಗಿದೆ. ರಷ್ಯಾದ ವಿದೇಶಿ ಮೀಸಲನ್ನು ಪಶ್ಚಿಮ ದೇಶಗಳು ತಡೆಹಿಡಿದ ಮೇಲೆ ಕೇಂದ್ರ ಬ್ಯಾಂಕುಗಳು 2022ರಿಂದ 2024ರವರೆಗೆ ಪ್ರತಿ ವರ್ಷ ಸಾವಿರ ಟನ್ನಿಗೂ ಮೀರಿ ಕೊಂಡವು, ಬಡ್ಡಿ ಏರಿದರೂ ಚಿನ್ನ ಬಿದ್ದಲ್ಲೇ ಉಳಿಯಲಿಲ್ಲ. ಇವರು ಗುಂಡಿ ಒತ್ತುವವರಿಗಿಂತ ಗಟ್ಟಿ ಕೈಗಳು. ಆದರೆ ರೂಪಾಯಿ ಮತ್ತು ಸುಂಕ ಪ್ರತಿ ಸಲವೂ ನಮ್ಮ ಪರವಾಗಿಯೇ ಇರುತ್ತವೆ ಎಂದುಕೊಳ್ಳಬೇಡಿ. 2024ರ ಜುಲೈ 23ರ ಬಜೆಟ್ ದಿನ ಸುಂಕ ನೂರಕ್ಕೆ 15ರಿಂದ 6ಕ್ಕೆ ಇಳಿದಾಗ, ಜಗತ್ತಿನಲ್ಲಿ ಏನೂ ಆಗದಿದ್ದರೂ ಇಲ್ಲಿ ಬೆಲೆ ಒಂದೇ ದಿನದಲ್ಲಿ ಮುಗ್ಗರಿಸಿತು.

ಸಾಲ ಬೇಕೇ ಬೇಕೆಂದರೆ ಬ್ಯಾಂಕ್ ಎಷ್ಟು ಕೊಡುತ್ತದೆ ಎಂದು ಕೇಳಬೇಡಿ, ಎಷ್ಟು ಬಿದ್ದರೂ ನಿಮಗೆ ನೋಟಿಸ್ ಬಾರದು ಎಂದು ಲೆಕ್ಕ ಹಾಕಿ. ಒಡವೆಯ ಬೆಲೆಯ ಮುಕ್ಕಾಲು ಭಾಗ ಸಾಲ ತೆಗೆದು, ಶೇಕಡಾ ಹತ್ತರ ಬಡ್ಡಿಯನ್ನು ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವುದಾದರೆ, ಕೊನೆಗೆ ಬಾಕಿ ಬೆಲೆಯ ನೂರಕ್ಕೆ ಎಂಬತ್ತೆರಡೂವರೆ ಆಗುತ್ತದೆ. ನೂರಕ್ಕೆ ಹದಿನೇಳೂವರೆ ಬಿದ್ದರೆ ಅಲ್ಲಿಗೆ ಮುಗಿಯಿತು, ನೋಟಿಸು ಅದಕ್ಕೂ ಮೊದಲೇ ಬರುತ್ತದೆ. 2013ರಲ್ಲಿ ಏಳು ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಬಿದ್ದಿತ್ತು. ಅರ್ಧ ಮಾತ್ರ ತೆಗೆದರೆ ಬಾಕಿ ಐವತ್ತೈದು, ನಲವತ್ತೈದರ ಕುಸಿತವನ್ನು ತಡೆದುಕೊಳ್ಳಬಹುದು. ಕಡಿಮೆ ದುಡ್ಡು ಸಿಗುತ್ತದೆ ಎಂಬುದೇ ಇದರ ತೊಂದರೆ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಕಟ್ಟಿಕೊಂಡು ಹೋಗಿ, ಅವಧಿ ಮುಗಿಯುವುದನ್ನು ಕಾಫಿ ಮಾರುವ ತಿಂಗಳಿಗಿಂತ ಮೂರು ತಿಂಗಳು ಆಚೆಗೆ ಇಟ್ಟುಕೊಳ್ಳಿ. ಬೆಲೆ ಇಲ್ಲದಾಗ ಮೂಟೆ ಹಿಡಿಯುವ ಆಸೆ ನಿಮಗೂ ಬರುತ್ತದೆ.

ಇನ್ನೊಂದು ದಾರಿ ನಿಮ್ಮ ಮನೆಯಲ್ಲೇ ಇದೆ. ಆ 40 ಗ್ರಾಂ ಬಿಸ್ಕತ್ತನ್ನು ಬ್ಯಾಂಕ್ ಅಡವು ಇಟ್ಟುಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಡವೆ, ಮತ್ತು ಒಂದು ಮಿತಿಯೊಳಗೆ ನಾಣ್ಯಗಳ ಮೇಲೆ ಮಾತ್ರ ಸಾಲ ಸಿಗುತ್ತದೆ, ಗಟ್ಟಿ ಚಿನ್ನದ ಮೇಲೆ ಇಲ್ಲ. ಆದರೆ ಮಾರುವುದಕ್ಕೆ ಬಿಸ್ಕತ್ತಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಜೂರಿ ನಷ್ಟವಿಲ್ಲ, ಕಲ್ಲಿನ ತೂಕ ಕಳೆಯುವ ತಕರಾರಿಲ್ಲ. ಎರಡು ವರ್ಷ ದಾಟಿರುವುದರಿಂದ ಲಾಭದ ಮೇಲೆ ಶೇಕಡಾ 12.5ರ ತೆರಿಗೆ ಇದೆ, 2012ರ ಬಿಲ್ಲು ಹುಡುಕಿ ಇಟ್ಟುಕೊಳ್ಳಿ. ಮಾರಿದ ಮೇಲೆ ಬೆಲೆ ಇನ್ನೂ ಏರಿದರೆ ಹೊಟ್ಟೆ ಉರಿಯುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನನ್ನನ್ನು ಕೇಳಿದರೆ, ತೋಟಕ್ಕೆ ಬೇಕಾದ ದುಡ್ಡಿನಲ್ಲಿ ಬಿಸ್ಕತ್ತಿಗೆ ಸಿಗುವಷ್ಟನ್ನು ಅದನ್ನು ಮಾರಿಯೇ ಹೊಂದಿಸಿ, ಉಳಿದ ಚೂರಿಗೆ ಮಾತ್ರ ಒಡವೆ ಹೊರತೆಗೆಯಿರಿ. ಅಡವಿಡುವ ದಿನ ನಿವ್ವಳ ತೂಕ, ಕ್ಯಾರೆಟ್, ಗ್ರಾಮಿಗೆ ಹಿಡಿದ ಬೆಲೆ, ಈ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.